ಎಂಟನೇ ತರಗತಿಗೆ ವಾರಕ್ಕೊಂದು ಪ್ರಯೋಗ: ಮುಖ್ಯೋಪಾಧ್ಯಾಯರಿಗೆ ಮನವಿ

ಮಾನ್ಯರೇ,

ಎಂಟನೇ ತರಗತಿಯ 'ಎ' ವಿಭಾಗದಲ್ಲಿ ಎಂಟು ವಾರಗಳ ಮಟ್ಟಿಗೆ, ವಾರಕ್ಕೊಮ್ಮೆ ಮಕ್ಕಳೇ ಕೈಯಾರೆ ಪ್ರಯೋಗ ಮಾಡುವ ತರಗತಿ ನಡೆಸಲು ಅನುಮತಿ ಕೋರುತ್ತೇನೆ. ಇದಕ್ಕೆ ಹೊಸ ಪೀರಿಯಡ್ ಬೇಡ. ವಿಜ್ಞಾನದ ಎರಡು ಪೀರಿಯಡ್‌ಗಳು ಬೆನ್ನುಬೆನ್ನಿಗೆ ಸಿಕ್ಕರೆ ಸಾಕು. ನಲವತ್ತೈದು ಮಕ್ಕಳು ಐದೈದರಂತೆ ಒಂಬತ್ತು ಗುಂಪಾಗುತ್ತಾರೆ.

ಮೊದಲ ತರಗತಿ ಹೇಗಿರುತ್ತದೆಂದು ವಿವರಿಸುತ್ತೇನೆ. ಪ್ರಶ್ನೆ ಇಷ್ಟೇ: ಯಾವ ದ್ರವದಲ್ಲಿ ವಿದ್ಯುತ್ ಹರಿಯುತ್ತದೆ? ಪ್ರತಿ ಗುಂಪಿಗೆ ಒಂದು 9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, 1000 ಓಮ್‌ನ ರೆಸಿಸ್ಟರ್, ಎರಡು ತಂತಿ. ರೆಸಿಸ್ಟರ್ ಎಂದರೆ ವಿದ್ಯುತ್ ಪ್ರವಾಹವನ್ನು ತಗ್ಗಿಸುವ ಬಿಡಿಭಾಗ. ಅದಿಲ್ಲದಿದ್ದರೆ ಎಲ್‌ಇಡಿ ಸುಟ್ಟುಹೋಗುತ್ತದೆ. ಟಾರ್ಚ್ ಬಲ್ಬ್ ಏಕೆ ಬೇಡ ಎಂದರೆ, ದ್ರವದಲ್ಲಿ ಹರಿಯುವ ಅಲ್ಪ ಪ್ರವಾಹಕ್ಕೆ ಅದು ಬೆಳಗುವುದಿಲ್ಲ.

ಇವನ್ನು ಒಂದರ ಹಿಂದೊಂದು ಜೋಡಿಸಿ, ಎರಡು ತಂತಿಗಳ ಬಿಡಿ ತುದಿಗಳನ್ನು ಮೊದಲು ಒಂದಕ್ಕೊಂದು ತಾಗಿಸಬೇಕು. ಬೆಳಕು ಬಾರದಿದ್ದರೆ ಎಲ್‌ಇಡಿ ತಿರುಗುಮುರುಗಾಗಿದೆಯೇ ನೋಡಬೇಕು. ಅದರ ಉದ್ದನೆಯ ಕಾಲು ಬ್ಯಾಟರಿಯ ಧನ ತುದಿಯ ಕಡೆಗಿರಬೇಕು. ಆಮೇಲೆ ತುದಿಗಳನ್ನು ಒಂದು ಸೆಂಟಿಮೀಟರ್ ಅಂತರದಲ್ಲಿ ಹಿಡಿದು ದ್ರವದಲ್ಲಿ ಅದ್ದುವುದು. ಅದ್ದುವ ಮುನ್ನ ಮಕ್ಕಳು ತಮ್ಮ ಊಹೆಯನ್ನು ಬರೆದಿಡಬೇಕು.

ಈ ಪಾಠದ ಜೀವ ಸಕ್ಕರೆ ನೀರಿನಲ್ಲಿದೆ. ಬೋರ್‌ವೆಲ್ ನೀರಿಗೆ ಸಕ್ಕರೆ ಹಾಕಿದರೆ ದೀಪ ಬೆಳಗುತ್ತದೆ. ಸಕ್ಕರೆಯಿಂದಲೇ ವಿದ್ಯುತ್ ಹರಿಯಿತೆಂದು ಮಕ್ಕಳು ಬರೆದುಕೊಳ್ಳುತ್ತಾರೆ. ಅದೇ ಸಕ್ಕರೆಯನ್ನು ಡಿಸ್ಟಿಲ್ಡ್ ವಾಟರ್‌ಗೆ, ಅಂದರೆ ಆವಿಯಾಗಿಸಿ ತಣಿಸಿದ ಶುದ್ಧ ನೀರಿಗೆ ಹಾಕಿದರೆ ದೀಪ ಬೆಳಗುವುದಿಲ್ಲ. ಹಾಗಾದರೆ ಮೊದಲು ಬೆಳಗಿಸಿದ್ದು ಯಾವುದು? ಬೋರ್‌ವೆಲ್ ನೀರಿನಲ್ಲಿ ಕರಗಿದ ಲವಣಗಳು. ಈ ಉತ್ತರವನ್ನು ನಾನು ಹೇಳಿಕೊಡುವುದಿಲ್ಲ. ಬರಿಯ ಬೋರ್‌ವೆಲ್ ನೀರಿಗೆ ತಂತಿ ಅದ್ದಿ ನೋಡುವ ಯೋಚನೆ ಅವರಿಗೇ ಹೊಳೆಯಲೆಂದು ಕಾಯುತ್ತೇನೆ. ಅದಕ್ಕೇ ಎರಡು ಪೀರಿಯಡ್ ಕೇಳುತ್ತಿರುವುದು.

ಉಪ್ಪುನೀರನ್ನು ಕೊನೆಗಿಡುತ್ತೇನೆ. ತಂತಿಗೆ ಉಪ್ಪು ಅಂಟಿದ್ದರೆ ಮುಂದಿನ ದ್ರವದ ಫಲಿತಾಂಶವೇ ತಪ್ಪಾಗುತ್ತದೆ. ಪ್ರತಿ ಸಲವೂ ತುದಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಒರೆಸಬೇಕು. ಕಪ್ಪಾದರೆ ಮರಳು ಕಾಗದದಿಂದ ಉಜ್ಜಬೇಕು.

ಸುರಕ್ಷತೆಯ ಚಿಂತೆ ನಿಮಗಿರುವುದು ಸಹಜ. ಬಳಸುವುದು ಬ್ಯಾಟರಿ ಮಾತ್ರ, ಗೋಡೆಯ ಪ್ಲಗ್ ಅನ್ನು ಯಾರೂ ಮುಟ್ಟುವುದಿಲ್ಲ. ಖರ್ಚು ಗುಂಪಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು ₹900. ಬಿಡಿಭಾಗಗಳು ಟಿ.ವಿ. ರಿಪೇರಿ ಸಾಮಾನಿನ ಅಂಗಡಿಯಲ್ಲೂ, ಡಿಸ್ಟಿಲ್ಡ್ ವಾಟರ್ ಇನ್ವರ್ಟರ್ ಬ್ಯಾಟರಿ ಅಂಗಡಿಯಲ್ಲೂ ಸಿಗುತ್ತವೆ. ಈ ಸಾಮಾನು ಮುಂದಿನ ವರ್ಷಕ್ಕೂ ಬರುತ್ತದೆ. ಬ್ಯಾಟರಿ ಮಾತ್ರ ಬದಲಿಸಬೇಕು.

ಉಳಿದ ಏಳು ವಾರಗಳ ಪ್ರಯೋಗಗಳನ್ನೂ ಪಠ್ಯದಿಂದಲೇ ಆರಿಸಿಕೊಳ್ಳುವುದರಿಂದ ಪಾಠ ಹಿಂದೆ ಬೀಳುವುದಿಲ್ಲ. ಕೊನೆಯಲ್ಲಿ 'ಎ', 'ಬಿ' ಎರಡೂ ವಿಭಾಗಗಳಿಗೆ ಪುಸ್ತಕದಲ್ಲಿಲ್ಲದ ಒಂದೇ ಪ್ರಶ್ನೆ ಕೊಟ್ಟು, ಉತ್ತರ ಪತ್ರಿಕೆಗಳನ್ನು ತಮ್ಮ ಮೇಜಿಗೆ ತಂದಿಡುತ್ತೇನೆ. ವ್ಯತ್ಯಾಸ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸೋಣ.

ಮುಂದಿನ ವೇಳಾಪಟ್ಟಿ ಸಿದ್ಧವಾಗುವ ಮುನ್ನ ತಮ್ಮ ಒಪ್ಪಿಗೆ ದೊರೆತರೆ ಅನುಕೂಲ.

ತಮ್ಮ ವಿಶ್ವಾಸಿ,
ವಿಜ್ಞಾನ ಶಿಕ್ಷಕಿ