ಮೀನಖಂಡ ಹಿಡಿದಾಗ ಜೆಲ್, ಎಣ್ಣೆ, ಪಟ್ಟಿ

ಷಟಲ್ ಆಡುತ್ತ ನೆಟ್ ಕಡೆಗೆ ಥಟ್ಟನೆ ನುಗ್ಗಿದಾಗ ಮೀನಖಂಡಕ್ಕೆ ಹಿಂದಿನಿಂದ ಯಾರೋ ಕಲ್ಲು ಹೊಡೆದಂತಾಗುತ್ತದೆ. ನಲವತ್ತರ ಆಸುಪಾಸಿನವರಲ್ಲಿ ಇದು ಹೆಚ್ಚು. ಸ್ನಾಯುವಿನ ಕೆಲವು ಎಳೆಗಳು ಹರಿದು ಒಳಗೆ ರಕ್ತ ಒಸರತೊಡಗಿರುತ್ತದೆ. ಕುಂಟುತ್ತ ಮನೆ ಸೇರಿದರೆ ಒಬ್ಬರು ಜೆಲ್ ತರುತ್ತಾರೆ, ಇನ್ನೊಬ್ಬರು ಎಣ್ಣೆ ಬಿಸಿಗಿಡುತ್ತಾರೆ.

ಆ ಹೊತ್ತಿಗೆ ಬೇಡವಾದದ್ದು ಬಿಸಿ ಎಣ್ಣೆಯೇ. ಶಾಖಕ್ಕೆ ರಕ್ತನಾಳಗಳು ಹಿಗ್ಗಿ ಊತ ಏರುತ್ತದೆ. ಗಟ್ಟಿಯಾಗಿ ತಿಕ್ಕಿದರೆ ಹರಿದ ಜಾಗ ಮತ್ತಷ್ಟು ಹರಿಯಬಹುದು. ಮೊದಲ ಎರಡು ಮೂರು ದಿನ ಕಾಲನ್ನು ದಿಂಬಿನ ಮೇಲಿಟ್ಟು, ಹದವಾಗಿ ಕ್ರೇಪ್ ಬ್ಯಾಂಡೇಜ್ ಸುತ್ತಿ, ನೋವು ಹೆಚ್ಚಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ಸಾಕು.

ಜೆಲ್‌ಗೆ ಆಗಲೂ ಜಾಗವಿದೆ. ಅದರಲ್ಲಿರುವ ಡೈಕ್ಲೋಫೆನಾಕ್ ಚರ್ಮದಿಂದ ಒಳಗಿಳಿದು, ನೋವು ಮತ್ತು ಊತ ಹುಟ್ಟಿಸುವ ರಾಸಾಯನಿಕಗಳ ತಯಾರಿಯನ್ನು ತಗ್ಗಿಸುತ್ತದೆ. ಹೊಸ ಉಳುಕು, ಸೆಳೆತಗಳಲ್ಲಿ ಇದರ ಗುಣ ಪರೀಕ್ಷೆಗಳಲ್ಲಿ ಚೆನ್ನಾಗಿಯೇ ಕಂಡಿದೆ. ಮಾತ್ರೆ ನುಂಗಿದಾಗ ರಕ್ತಕ್ಕೆ ಸೇರುವುದಕ್ಕಿಂತ ತೀರಾ ಕಡಿಮೆ ಔಷಧ ಸೇರುವುದರಿಂದ ಹೊಟ್ಟೆಗೂ ತೊಂದರೆ ಕಡಿಮೆ. ಹಚ್ಚಿದ ಕೂಡಲೇ ಹಾಯೆನಿಸುವ ತಂಪು ಮಾತ್ರ ಬೇರೆ. ಅದು ಮೆಂಥಾಲ್‌ನದು. ಚರ್ಮದ ಚಳಿ ಅರಿಯುವ ನರಗಳನ್ನು ಅದು ಕೆಣಕುತ್ತದೆ, ಅಷ್ಟೇ. ಸ್ನಾಯು ತಣ್ಣಗಾಗಿರುವುದಿಲ್ಲ. ಜೆಲ್ ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಚರ್ಮ ಸುಟ್ಟೀತು. ನೋವಿನ ಮಾತ್ರೆ ಅಲರ್ಜಿ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಹಚ್ಚಬೇಕು.

ಊತ ಇಳಿದ ಮೇಲೆ ಉಗುರುಬೆಚ್ಚಗಿನ ಎಳ್ಳೆಣ್ಣೆಯಲ್ಲಿ ಹಗುರವಾಗಿ ನೀವಿಸಿಕೊಳ್ಳಬಹುದು. ಎಣ್ಣೆ ಸ್ನಾಯುವಿನವರೆಗೆ ಇಳಿಯುವುದಿಲ್ಲ, ಕೈ ಜಾರಲು ನೆರವಾಗುತ್ತದೆ. ಬಿಗಿತ ಸಡಿಲಿಸುವುದು ಬಿಸಿ ಮತ್ತು ಕೈಯ ಒತ್ತಡ. ಆ ಹಿತ ಕೆಲವು ಗಂಟೆಗಳದ್ದಾದರೂ ನಿದ್ದೆ ತರಿಸಿದರೆ ಅದೇ ಲಾಭ.

ಆಟಗಾರರ ಮೈಮೇಲೆ ಕಾಣುವ ಬಣ್ಣದ ಹಿಗ್ಗುವ ಪಟ್ಟಿಯನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೆಂಜೊ ಕಾಸೆ. ಚರ್ಮವನ್ನು ಎತ್ತಿ ರಕ್ತಸಂಚಾರ ಹೆಚ್ಚಿಸುತ್ತದೆಂಬ ಹೇಳಿಕೆಗೆ ಗಟ್ಟಿ ಪುರಾವೆಯಿಲ್ಲ. ಕಾಲಿನ ಮೇಲೆ ಗಮನವಿರುವಂತೆ ಮಾಡಿ ಕೊಂಚ ಧೈರ್ಯ ಕೊಡಬಹುದು. ಊತ ಒತ್ತಿಹಿಡಿಯಲು ಅಗ್ಗದ ಕ್ರೇಪ್ ಬ್ಯಾಂಡೇಜೇ ಮೇಲು.

ಹರಿದ ಎಳೆ ಕೂಡುವುದು ಇವು ಮೂರರಿಂದಲೂ ಅಲ್ಲ. ಕೆಲವು ವಾರಗಳ ಕಾಲವೂ ಹಂತಹಂತವಾದ ಹೊರೆಯೂ ಅದನ್ನು ಗಟ್ಟಿಗೊಳಿಸುತ್ತವೆ. ಕುಂಟದೆ ನಡೆಯಲಾದ ಮೇಲೆ ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತಿ ಇಳಿಸಿ. ಅದು ನೋವಿಲ್ಲದೆ ಸಾಧ್ಯವಾದಾಗ ಒಂದೇ ಕಾಲಿನಲ್ಲಿ ಮಾಡಿ. ಜೆಲ್ ಹಚ್ಚಿ ನೋವು ಮರೆಸಿಕೊಂಡು ಅಂಗಳಕ್ಕಿಳಿದರೆ ಅದೇ ಜಾಗ ಮತ್ತೆ ಹರಿಯುತ್ತದೆ.

ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಹಿಮ್ಮಡಿಯ ಸ್ನಾಯುರಜ್ಜೇ ಹರಿದಿರಬಹುದು. ಪೆಟ್ಟಿಲ್ಲದೆ ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲನ್ನು ತಿಕ್ಕಬೇಡಿ, ಅಂದೇ ವೈದ್ಯರಿಗೆ ತೋರಿಸಿ.