ಗಾಜಿನ ಗೋಡೆಯಲ್ಲಿ ಕಾಣಬೇಕಾದ್ದು ಯಾವ ಆಕಾಶ?

ಅಮೆರಿಕದ ಬಾಸ್ಟನ್ ನಗರದ ಕಾಪ್ಲಿ ಚೌಕದಲ್ಲಿ ನಿಂತವರಿಗೆ ಟ್ರಿನಿಟಿ ಚರ್ಚ್ ಎರಡು ಸಲ ಕಾಣುತ್ತದೆ. ಒಂದು, 1877ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಚರ್ಚ್. ಇನ್ನೊಂದು, ಪಕ್ಕದ 60 ಮಹಡಿಯ ಗಾಜಿನ ಗೋಪುರದಲ್ಲಿ ಮೂಡಿರುವ ಅದರ ಬಿಂಬ. ಜಾನ್ ಹ್ಯಾನ್‌ಕಾಕ್ ಟವರ್ ಎಂದೇ ಹೆಸರಾದ ಈ ಗೋಪುರ ಪೂರ್ಣಗೊಂಡದ್ದು 1976ರಲ್ಲಿ. ವಾಸ್ತುಶಿಲ್ಪಿ ಹೆನ್ರಿ ಕಾಬ್. ಅದರ ಮೈಗೆ ಹತ್ತು ಸಾವಿರಕ್ಕೂ ಹೆಚ್ಚು ಗಾಜಿನ ಹಾಳೆಗಳಿವೆ. ಬಿಂಬವನ್ನು ಗಮನವಿಟ್ಟು ನೋಡಿದರೆ ಚರ್ಚಿನ ಗೋಡೆಯ ಗೆರೆ ಒಂದು ಹಾಳೆಯಿಂದ ಇನ್ನೊಂದಕ್ಕೆ ದಾಟುವಾಗ ಕೂದಲೆಳೆಯಷ್ಟು ಜಾರಿರುತ್ತದೆ, ಅಲ್ಲಲ್ಲಿ ಅಲೆಯಂತೆ ಬಳುಕಿರುತ್ತದೆ. ಹಾಗಿದ್ದರೂ ಅದು ಚರ್ಚೇ ಎಂದು ಯಾರೂ ಗುರುತಿಸಬಹುದು.

ಎಐ ಚಿತ್ರ ತಯಾರಿಸುವ ಸಾಧನಕ್ಕೆ ‘ಗಾಜಿನ ಕಚೇರಿ ಕಟ್ಟಡ’ ಎಂದಷ್ಟೇ ಬರೆದುಕೊಟ್ಟವರಿಗೆ ಸಿಗುವುದು ಬೇರೆ. ಗಾಜಿನ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದಂಥ ನೀಲಿ ಬಿಳಿ ಕಲೆಗಳು. ಹತ್ತನೇ ಮಹಡಿಯಲ್ಲಿ ಎದುರಿನ ಮನೆಯ ಕಿಟಕಿ. ಕಟ್ಟಡದ ಎಡಕ್ಕಿರುವ ಮೋಡವೇ ಗಾಜಿನೊಳಗೂ ಯಥಾವತ್ತಾಗಿ ಮುಂದುವರಿದಿರುತ್ತದೆ. ಎಲ್ಲಿ ತಪ್ಪಿದೆ ಎಂದು ಹೇಳಲಾಗದಿದ್ದರೂ ಏನೋ ಸರಿಯಿಲ್ಲ ಎಂದು ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ.

ಕಾರಣ ಸರಳ. ಎದುರಿನಿಂದ ನೋಡಿದಾಗ ಗಾಜಿನ ಗೋಡೆ ತೋರಿಸುವುದು ಚಿತ್ರದಲ್ಲಿರುವುದನ್ನಲ್ಲ, ಕ್ಯಾಮೆರಾ ಹಿಡಿದವರ ಬೆನ್ನ ಹಿಂದಿರುವುದನ್ನು. ಆ ಭಾಗ ಚೌಕಟ್ಟಿನೊಳಗೆ ಬರುವುದೇ ಇಲ್ಲ. ಎಐ ಮಾದರಿ ಬೆಳಕಿನ ಕಿರಣಗಳ ಜಾಡು ಹಿಡಿದು ಲೆಕ್ಕ ಹಾಕುವುದಿಲ್ಲ. ಕೋಟ್ಯಂತರ ಫೋಟೊಗಳಿಂದ ಕಲಿತ ರೂಢಿಯ ಮೇಲೆ ಬಿಡಿಸುತ್ತದೆ. ಬೆನ್ನ ಹಿಂದೆ ಏನಿದೆ ಎಂದು ತಿಳಿಯದೆ ಚೌಕಟ್ಟಿನೊಳಗೆ ಸಿಕ್ಕಿದ್ದನ್ನೇ ಗಾಜಿಗೆ ಬಳಿಯುತ್ತದೆ. ಹಾಗಾಗಿ ಬೆನ್ನ ಹಿಂದಿನ ಲೋಕದ ಲೆಕ್ಕವನ್ನು ಪ್ರಾಂಪ್ಟ್ ಬರೆಯುವವರೇ ಮಾಡಿಕೊಳ್ಳಬೇಕು. ಅದಕ್ಕೆ ಒಂದು ಕಾಗದ, ಒಂದು ಪೆನ್ಸಿಲ್ ಸಾಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ರಸ್ತೆ ಬದಿಯಲ್ಲಿ 15 ಮಹಡಿಯ ಗಾಜಿನ ಕಟ್ಟಡವಿದೆ, ಅದರ ಮುಖ ಪಶ್ಚಿಮಕ್ಕೆ. ಅಲ್ಲಿಂದ 30 ಮೀಟರ್ ದೂರದಲ್ಲಿ, ರಸ್ತೆಯ ಆಚೆ, 24 ಮೀಟರ್ ಎತ್ತರದ ಏಳು ಮಹಡಿಯ ಕಟ್ಟಡ. ಚಿತ್ರ ತೆಗೆಯುವವರು ಗಾಜಿನಿಂದ 20 ಮೀಟರ್ ದೂರದಲ್ಲಿ ನಿಂತಿದ್ದಾರೆ, ಕಣ್ಣು ನೆಲದಿಂದ 1.6 ಮೀಟರ್ ಎತ್ತರದಲ್ಲಿದೆ. ಸಂಜೆ ಐದು ಗಂಟೆ. ಸೂರ್ಯ ಎದುರಿನ ಕಟ್ಟಡದ ಹಿಂದಕ್ಕೆ ಇಳಿದಿದ್ದಾನೆ.

ಕನ್ನಡಿಯ ನಿಯಮದಂತೆ, ಎದುರಿನ ಕಟ್ಟಡದ ಬಿಂಬ ಗಾಜಿನ ಹಿಂದೆ ಅಷ್ಟೇ ದೂರದಲ್ಲಿ, ಅಂದರೆ 30 ಮೀಟರ್ ಒಳಗೆ ನಿಂತಂತೆ ಕಾಣುತ್ತದೆ. ಕಣ್ಣಿನಿಂದ ಅದಕ್ಕೆ ಒಟ್ಟು 50 ಮೀಟರ್. ಕಣ್ಣಿನಿಂದ ಬಿಂಬದ ನೆತ್ತಿಗೆ ಒಂದು ಗೆರೆ ಎಳೆದರೆ ಅದು 50 ಮೀಟರ್ ಹೋಗುವಷ್ಟರಲ್ಲಿ 22.4 ಮೀಟರ್ ಏರುತ್ತದೆ. ಗಾಜು ಇರುವುದು 20ನೇ ಮೀಟರಿನಲ್ಲಿ. ಅಲ್ಲಿಗೆ ಗೆರೆ ಏರಿರುವುದು ಸುಮಾರು 9 ಮೀಟರ್. ಕಣ್ಣಿನ ಎತ್ತರ ಕೂಡಿಸಿದರೆ ಹತ್ತೂವರೆ ಮೀಟರ್. ಮಹಡಿಗೆ ಮೂರೂವರೆ ಮೀಟರ್ ಹಿಡಿದರೆ, ಏಳು ಮಹಡಿಯ ಆ ಕಟ್ಟಡ ಗಾಜಿನಲ್ಲಿ ತುಂಬುವುದು ಕೆಳಗಿನ ಮೂರೇ ಮಹಡಿ. ಅದರ ಮೇಲಿನ ಹನ್ನೆರಡು ಮಹಡಿಯಲ್ಲೂ ಆಕಾಶ.

ಯಾವ ಆಕಾಶ? ಕಟ್ಟಡದ ಪಕ್ಕದಲ್ಲಿ ನೇರವಾಗಿ ಕಾಣುವುದು ಪೂರ್ವದ ಮಂಕು ನೀಲಿ. ಗಾಜಿನಲ್ಲಿರುವುದು ಬೆನ್ನ ಹಿಂದಿನ ಪಶ್ಚಿಮದ ತಿಳಿ ಹೊನ್ನು. ಎರಡೂ ಒಂದೇ ಬಣ್ಣವಾದರೆ ಚಿತ್ರ ಸುಳ್ಳಾಗುತ್ತದೆ. ಎದುರಿನ ಕಟ್ಟಡದ ಈಚೆ ಮುಖಕ್ಕೆ ಬಿಸಿಲಿಲ್ಲ, ಆದ್ದರಿಂದ ಅದರ ಬಿಂಬ ಕಪ್ಪು ನೆರಳಿನಂತಿರಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲೇಪನವಿಲ್ಲದ ಒಂದು ಗಾಜಿನ ಹಾಳೆಯನ್ನು ನೇರ ಎದುರಿನಿಂದ ನೋಡಿದಾಗ ಅದು ಪ್ರತಿಫಲಿಸುವುದು ಬೆಳಕಿನ ಶೇ 8ರಷ್ಟನ್ನು ಮಾತ್ರ. ಓರೆಯಾಗಿ ನೋಡಿದಷ್ಟೂ ಅದು ಏರುತ್ತದೆ. ಹೊಳೆಯುವ ಆಕಾಶದ ಶೇ 8 ಕೂಡ ಒಳಗಿನ ಮಬ್ಬನ್ನು ಮುಚ್ಚಬಲ್ಲದು. ಕಪ್ಪು ಬಿಂಬಕ್ಕೆ ಆ ಶಕ್ತಿಯಿಲ್ಲ. ಹೀಗಾಗಿ ಎದುರಿನ ಕಟ್ಟಡದ ನೆರಳು ಬಿದ್ದ ಜಾಗದಲ್ಲೇ ಒಳಗಿನ ಟ್ಯೂಬ್‌ಲೈಟ್, ಅರ್ಧ ಇಳಿಸಿದ ಪರದೆ ಕಾಣುತ್ತವೆ; ಆಕಾಶ ತುಂಬಿದ ಮೇಲಿನ ಮಹಡಿಗಳಲ್ಲಿ ಒಳಗಿನದೇನೂ ಅಷ್ಟು ಸ್ಪಷ್ಟವಾಗಿ ತೋರುವುದಿಲ್ಲ. ಚಿತ್ರದಲ್ಲಿ ಈ ವ್ಯತ್ಯಾಸ ಬಂದರೆ ಗಾಜು ಗಾಜಾಗುತ್ತದೆ, ಇಲ್ಲದಿದ್ದರೆ ಉಕ್ಕಿನ ತಗಡಾಗುತ್ತದೆ. ‘ಕನ್ನಡಿಯಂಥ’, ‘ತುಂಬಾ ಹೊಳೆಯುವ’ ಎಂಬ ಪದಗಳನ್ನು ಪ್ರಾಂಪ್ಟಿನಿಂದ ದೂರವಿಡಬೇಕಾದ್ದು ಇದಕ್ಕೇ.

ಈ ಲೆಕ್ಕವನ್ನೆಲ್ಲ ಪ್ರಾಂಪ್ಟಿಗೆ ಸುರಿಯುವಂತಿಲ್ಲ. ‘ಕ್ಯಾಮೆರಾದ ಹಿಂದೆ ಏಳು ಮಹಡಿಯ ಕಟ್ಟಡವಿದೆ’ ಎಂದು ಬರೆದರೆ, ಹೆಸರು ಕೇಳಿದ್ದನ್ನೆಲ್ಲ ಬಿಡಿಸುವ ಅಭ್ಯಾಸವಿರುವ ಮಾದರಿ ಆ ಕಟ್ಟಡವನ್ನು ತಂದು ಮುಂದೆಯೇ ನಿಲ್ಲಿಸುವುದುಂಟು. ಲೆಕ್ಕ ಕಾಗದದ ಮೇಲಿರಲಿ, ಫಲಿತಾಂಶವಷ್ಟೇ ಪ್ರಾಂಪ್ಟಿನಲ್ಲಿರಲಿ:

```
street-level photo at 5 pm, 15-storey glass curtain wall office,
dull blue sky beside the tower,
lowest three storeys of glass show the dark reflected outline
of a flat-roofed building, ceiling lights visible through it,
pale gold sky reflected in the glass above,
reflection shifts slightly at every mullion
```

ಕೊನೆಯ ಸಾಲು ಬಾಸ್ಟನ್ನಿನಲ್ಲಿ ಕಂಡ ಜಾರುವ ಗೆರೆಗಾಗಿ. ಮುಲಿಯನ್ ಎಂದರೆ ಹಾಳೆಗಳ ನಡುವಿನ ಅಲ್ಯೂಮಿನಿಯಂ ಪಟ್ಟಿ. ಗಾಜನ್ನು ಗಟ್ಟಿ ಮಾಡಲು ಕುಲುಮೆಯಲ್ಲಿ ಕಾಯಿಸಿ ಉರುಳೆಗಳ ಮೇಲೆ ಸಾಗಿಸುವಾಗ ಅದರಲ್ಲಿ ಸಣ್ಣ ಅಲೆ ಉಳಿಯುತ್ತದೆ. ಎರಡು ಹಾಳೆಗಳ ನಡುವೆ ಗಾಳಿ ಮುಚ್ಚಿಟ್ಟ ಗಾಜಾದರೆ, ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ಗಾಳಿಯಿಂದ ಹಾಳೆ ದಿಂಬಿನಂತೆ ಉಬ್ಬುತ್ತದೆ ಅಥವಾ ತಗ್ಗುತ್ತದೆ. ಅಂದರೆ ನಿಜವಾದ ವಿಕಾರ ಪ್ರತಿ ಹಾಳೆಯೊಳಗೆ ಹುಟ್ಟಿ, ಪಟ್ಟಿಯ ಬಳಿ ಮುಗಿಯುತ್ತದೆ. ಎಐ ಕಲೆ ಪಟ್ಟಿಯನ್ನು ಲೆಕ್ಕಿಸದೆ ನಾಲ್ಕಾರು ಹಾಳೆಗಳ ಮೇಲೆ ಹರಡಿರುತ್ತದೆ. ಎರಡನ್ನೂ ಬೇರ್ಪಡಿಸಲು ಇದಕ್ಕಿಂತ ಸುಲಭದ ಗುರುತಿಲ್ಲ.

ಕಲೆಗೆ ತಾಂತ್ರಿಕ ಕಾರಣವೂ ಇದೆ. ಸ್ಟೇಬಲ್ ಡಿಫ್ಯೂಷನ್‌ನಂಥ ಮಾದರಿಗಳು ಚಿತ್ರವನ್ನು ಕುಗ್ಗಿಸಿದ ರೂಪದಲ್ಲಿ ರಚಿಸುತ್ತವೆ. ಉದ್ದಕ್ಕೂ ಅಗಲಕ್ಕೂ ಎಂಟೆಂಟು ಪಿಕ್ಸೆಲ್‌ಗಳ ತುಂಡು ಒಂದೇ ಕೋಶಕ್ಕೆ ಇಳಿಯುತ್ತದೆ. ದೂರದ ಗೋಪುರದಲ್ಲಿ ಪಟ್ಟಿಯೂ ಬಿಂಬದ ಕಿಟಕಿಯೂ ಒಂದೇ ಕೋಶಕ್ಕೆ ಬಿದ್ದರೆ ಕಲಸಿಹೋಗುತ್ತವೆ. ಅಲ್ಲಿ ಪ್ರಾಂಪ್ಟಿನ ಮಾತು ನಡೆಯುವುದಿಲ್ಲ; ಕಟ್ಟಡವನ್ನು ಹತ್ತಿರಕ್ಕೆ ತರಬೇಕು, ಇಲ್ಲವೇ ಗಾಜಿನ ಭಾಗವನ್ನಷ್ಟೇ ದೊಡ್ಡದಾಗಿ ಮತ್ತೆ ಬಿಡಿಸಬೇಕು.

ಹಾಗೆ ಮತ್ತೆ ಬಿಡಿಸುವ ಕೆಲಸಕ್ಕೆ ಇನ್‌ಪೇಂಟಿಂಗ್ ಎನ್ನುತ್ತಾರೆ. ನಿಜವಾದ ನಿವೇಶನದ ಚಿತ್ರ ಬೇಕಾದವರು ಗಾಜಿನ ಕಟ್ಟಡ ಬರಲಿರುವ ಜಾಗಕ್ಕೇ ಬೆನ್ನು ಕೊಟ್ಟು ನಿಂತು ಎದುರಿನ ಕಟ್ಟಡದ ಫೋಟೊ ತೆಗೆಯಬೇಕು. ಅದನ್ನು ಎಡಬಲ ತಿರುಗಿಸಬೇಕು. ಮುಖ್ಯ ಚಿತ್ರಕ್ಕೂ ಇದಕ್ಕೂ ಒಂದೇ ಲೆನ್ಸ್ ಎಂದುಕೊಂಡರೆ, ಫೋಟೊದ ದೂರ 30 ಮೀಟರ್, ಬಿಂಬದ ದೂರ 50. ಆದ್ದರಿಂದ ಫೋಟೊವನ್ನು ಶೇ 60ಕ್ಕೆ ಕುಗ್ಗಿಸಿ ಗಾಜಿನ ಮೇಲೆ ಅಂಟಿಸಬೇಕು. ಬಳಿಕ ಆ ಭಾಗವನ್ನು ಮಾತ್ರ ಗುರುತು ಮಾಡಿ, ಬದಲಾವಣೆಯ ಪ್ರಮಾಣವನ್ನು 0.3ರಿಂದ 0.4ರ ಆಸುಪಾಸಿನಲ್ಲಿಟ್ಟು ಮಾದರಿಗೆ ಒಪ್ಪಿಸಿದರೆ ಅದು ಅಂಟಿಸಿದ ಅಂಚನ್ನು ಬೆಸೆಯುತ್ತದೆ, ಆಕಾರವನ್ನು ಕೆಡಿಸುವುದಿಲ್ಲ. ಅಂಗಡಿಯ ಬೋರ್ಡಿನ ಉಲ್ಟಾ ಅಕ್ಷರಗಳು ಮಾತ್ರ ಆಗಲೂ ಕೆಡಬಹುದು. ಅವುಗಳನ್ನು ಕೊನೆಗೆ ಮೂಲ ಫೋಟೊದಿಂದಲೇ ಮತ್ತೆ ತಂದು ಕೂರಿಸುವುದು ಒಳ್ಳೆಯದು.

ಮೂಲೆಯ ಕಟ್ಟಡವಾದರೆ ಇಡೀ ಲೆಕ್ಕವನ್ನು ಎರಡು ಸಲ ಮಾಡಬೇಕು. ಒಂದು ಮುಖ ಪಶ್ಚಿಮವನ್ನು ನೋಡುತ್ತಿದ್ದರೆ ಇನ್ನೊಂದು ಉತ್ತರವನ್ನು ನೋಡುತ್ತಿರುತ್ತದೆ. ಒಂದರಲ್ಲಿ ಹೊನ್ನಿನ ಬಣ್ಣವಿದ್ದಾಗ ಇನ್ನೊಂದರಲ್ಲಿ ನೀಲಿ ಇರಬೇಕು. ಒಂದೇ ಮೋಡ ಮೂಲೆಯನ್ನು ಬಳಸಿಕೊಂಡು ಎರಡೂ ಮುಖಗಳ ಮೇಲೆ ಹರಿದಿದ್ದರೆ, ಆ ಗಾಜನ್ನು ಇನ್ನೊಮ್ಮೆ ಬಿಡಿಸಬೇಕಾಗುತ್ತದೆ.