ಬರ್ಗರ್ ಲೆಕ್ಕದಲ್ಲಿ ರೂಪಾಯಿಯ ಬೆಲೆ

2022ರ ಜುಲೈನಲ್ಲಿ ಅಮೆರಿಕದಲ್ಲಿ ಒಂದು ಬಿಗ್ ಮ್ಯಾಕ್ ಬರ್ಗರ್‌ಗೆ 5.15 ಡಾಲರ್. ಸ್ವಿಟ್ಜರ್‌ಲೆಂಡಿನಲ್ಲಿ ಅದೇ ಬರ್ಗರ್‌ಗೆ 6.50 ಫ್ರಾಂಕ್. ತಿನಿಸು ಒಂದೇ ಆದ್ದರಿಂದ ಈ ಎರಡು ಮೊತ್ತವೂ ಸಮ ಎಂದಿಟ್ಟುಕೊಂಡು 6.50ನ್ನು 5.15ರಿಂದ ಭಾಗಿಸಿದರೆ, ಒಂದು ಡಾಲರಿಗೆ 1.26 ಫ್ರಾಂಕ್ ಸಿಗಬೇಕು. ಆದರೆ ಆಗ ವಿನಿಮಯ ಪೇಟೆಯಲ್ಲಿ ಸಿಗುತ್ತಿದ್ದದ್ದು ಸುಮಾರು 0.97 ಫ್ರಾಂಕ್. ಅಂದರೆ ಡಾಲರ್ ಹಿಡಿದು ಬಂದವರಿಗೆ ಅಲ್ಲಿನ ಬರ್ಗರ್ 6.70 ಡಾಲರಿಗೆ ಬೀಳುತ್ತಿತ್ತು. ಈ ಲೆಕ್ಕದಲ್ಲಿ ಫ್ರಾಂಕ್ ಇರಬೇಕಾದ್ದಕ್ಕಿಂತ ಶೇ 30ರಷ್ಟು ದುಬಾರಿ.

ಲಂಡನ್ನಿನ 'ದಿ ಎಕನಾಮಿಸ್ಟ್' ಪತ್ರಿಕೆ 1986ರಲ್ಲಿ ಅರ್ಧ ತಮಾಷೆಗೆ ಶುರುಮಾಡಿದ ಸೂಚ್ಯಂಕ ಇದು. ಇದರ ಹಿಂದಿನ ತರ್ಕ ಮಾತ್ರ ತಮಾಷೆಯದಲ್ಲ. ಒಂದೇ ಸರಕು ಒಂದೂರಲ್ಲಿ ಅಗ್ಗ, ಇನ್ನೊಂದೂರಲ್ಲಿ ತುಟ್ಟಿಯಾದರೆ ವ್ಯಾಪಾರಿಗಳು ಇಲ್ಲಿ ಕೊಂಡು ಅಲ್ಲಿ ಮಾರುತ್ತಾರೆ. ಬೆಲೆಯ ಅಂತರ ಕರಗುತ್ತದೆ. ಕಾಲಕ್ರಮದಲ್ಲಿ ಹಣದ ವಿನಿಮಯ ದರವೂ ಅದಕ್ಕೆ ಹೊಂದಿಕೊಳ್ಳಬೇಕು.

ಇದೇ ಲೆಕ್ಕವನ್ನು ಭಾರತಕ್ಕೆ ಹಾಕಿದರೆ ತೊಡಕು ಗೊತ್ತಾಗುತ್ತದೆ. ಇಲ್ಲಿ ಗೋಮಾಂಸದ ಬಿಗ್ ಮ್ಯಾಕ್ ಇಲ್ಲ. ಹಾಗಾಗಿ ಕೋಳಿಮಾಂಸದ ಮಹಾರಾಜ ಮ್ಯಾಕ್ ಅನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ವಸ್ತು ಒಂದೇ ಆಗಿರಬೇಕೆಂಬ ಷರತ್ತು ಅಲ್ಲಿಗೇ ಸಡಿಲವಾಯಿತು. ಅದೇ ಜುಲೈನಲ್ಲಿ ಅದರ ಬೆಲೆ 191 ರೂಪಾಯಿ, ಆಗಿನ ದರದಲ್ಲಿ ಸುಮಾರು 2.39 ಡಾಲರ್. ಹಾಗಾದರೆ ರೂಪಾಯಿ ಇರಬೇಕಾದ ಬೆಲೆಯ ಅರ್ಧಕ್ಕಿಂತ ಕೆಳಗಿದೆಯೇ?

ಅಷ್ಟು ಸಲೀಸಾಗಿ ಹೇಳುವಂತಿಲ್ಲ. ಗೋಧಿಯನ್ನೂ ಎಣ್ಣೆಯನ್ನೂ ಹಡಗಿಗೆ ತುಂಬಿ ಕಳಿಸಬಹುದು. ಬರ್ಗರ್ ಕಟ್ಟಿಕೊಡುವ ಹುಡುಗನ ದುಡಿಮೆಯನ್ನು, ಅಂಗಡಿಯ ಬಾಡಿಗೆಯನ್ನು ಕಳಿಸಲಾಗದು. ಬರ್ಗರ್ ಬೆಲೆಯಲ್ಲಿ ಇವುಗಳದ್ದೇ ದೊಡ್ಡ ಪಾಲು. ಕಾರ್ಖಾನೆಗಳಲ್ಲಿ ಹೆಚ್ಚು ಉತ್ಪಾದನೆಯಾಗುವ ಶ್ರೀಮಂತ ದೇಶದಲ್ಲಿ ಕೂಲಿ ಏರುತ್ತದೆ. ಅಡುಗೆಯವರು, ಕ್ಷೌರಿಕರಿಗೂ ಹೆಚ್ಚು ಕೊಡಬೇಕಾಗುತ್ತದೆ. ಬಲಾಸಾ ಮತ್ತು ಸ್ಯಾಮ್ಯುಯೆಲ್‌ಸನ್ ಎಂಬ ಅರ್ಥಶಾಸ್ತ್ರಜ್ಞರು 1964ರಲ್ಲಿ ವಿವರಿಸಿದ್ದು ಇದನ್ನೇ. ಬಡ ದೇಶದಲ್ಲಿ ಬರ್ಗರ್ ಅಗ್ಗವಾಗಿರುವುದು ಸಹಜ. ಅದೊಂದರಿಂದಲೇ ಆ ದೇಶ ಬೇಕೆಂದೇ ತನ್ನ ಹಣದ ಬೆಲೆ ಇಳಿಸಿಕೊಂಡಿದೆ ಎನ್ನಲಾಗದು.

ಅದಕ್ಕೇ 2011ರಿಂದ ಪತ್ರಿಕೆ ಇನ್ನೊಂದು ಲೆಕ್ಕವನ್ನೂ ಕೊಡುತ್ತಿದೆ. ದೇಶಗಳ ತಲಾ ಆದಾಯವನ್ನೂ ಬರ್ಗರ್ ಬೆಲೆಯನ್ನೂ ನಕ್ಷೆಯಲ್ಲಿ ಗುರುತಿಸಿ, ನಡುವೆ ಒಂದು ಗೆರೆ ಎಳೆಯುತ್ತಾರೆ. ಭಾರತದಷ್ಟು ಆದಾಯದ ದೇಶದಲ್ಲಿ ಬರ್ಗರ್ ಎಷ್ಟಿರಬಹುದು ಎಂದು ಆ ಗೆರೆ ಹೇಳುತ್ತದೆ. ನಿಜವಾದ ಬೆಲೆ ಗೆರೆಗಿಂತ ಎಷ್ಟು ಮೇಲಿದೆ ಅಥವಾ ಕೆಳಗಿದೆ ಎಂಬುದೇ ಇಲ್ಲಿ ಮುಖ್ಯ. ಹೀಗೆ ನೋಡಿದಾಗ ರೂಪಾಯಿಯ ಆ ಭಾರೀ ಅಗ್ಗದ ಒಂದು ಭಾಗ ಕರಗಿಹೋಗುತ್ತದೆ.

ಫ್ರಾಂಕ್ ವಿಷಯದಲ್ಲೂ ಎಲ್ಲ ಹೊಣೆಯನ್ನು ಹಣದ ಮೇಲೆ ಹಾಕುವಂತಿಲ್ಲ. ಸ್ವಿಸ್ ಸರ್ಕಾರ ತನ್ನ ರೈತರನ್ನು ಕಾಯಲು ಆಮದು ಮಾಂಸದ ಮೇಲೆ ಭಾರೀ ಸುಂಕ ಹೇರುತ್ತದೆ. ಆ ಸುಂಕವೂ ಬರ್ಗರ್ ಬೆಲೆಯೊಳಗೇ ಸೇರಿಕೊಂಡಿರುತ್ತದೆ.